ರಕ್ತ ಕಮ್ಮಿ, ಕಣ ಸಣ್ಣ: ಐರನ್ ಕೊರತೆಯೋ, ಥಲಸೇಮಿಯಾ ಟ್ರೇಟೋ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಚಿಕ್ಕ ಲ್ಯಾಬ್‌ನಲ್ಲಿ ಪೆಥಾಲಜಿಸ್ಟ್. ಬೆಳಗ್ಗೆ ಹತ್ತರ ಹೊತ್ತಿಗೆ ಮೇಜಿನ ಮೇಲೆ ಸಿಬಿಸಿ ರಿಪೋರ್ಟ್‌ಗಳ ಕಟ್ಟು ಬಂದು ಬೀಳುತ್ತದೆ. ಅದರಲ್ಲಿ ಐದಾರಾದರೂ ಹೀಮೋಗ್ಲೋಬಿನ್ ಕಡಿಮೆ, ಕಣ ಸಣ್ಣ ಎನ್ನುವಂಥವು. ಅವನ್ನು ಹಿಡಿದುಕೊಂಡು ಬರುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೆಲವನ್ನು ನರ್ಸ್‌ಗಳು, ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರ್‌ಗಳೂ ಕೇಳುತ್ತಾರೆ. ಕೆಳಗಿರುವ ಮೂರು ರಿಪೋರ್ಟ್‌ಗಳು ಯಾರದೋ ಒಬ್ಬರದಲ್ಲ. ದಿನಾ ನೋಡುವಂಥವನ್ನೇ ಸೇರಿಸಿ ಮಾಡಿಕೊಂಡವು.

ರಿಪೋರ್ಟ್‌ನಲ್ಲಿ ಎಂಸಿವಿ ಕಡಿಮೆ ಎಂದಿದೆ. ಹಾಗೆಂದರೆ ಏನು?

ಒಂದು ಕೆಂಪು ರಕ್ತಕಣದ ಸರಾಸರಿ ಗಾತ್ರವೇ ಎಂಸಿವಿ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 80ರಿಂದ 100ರ ನಡುವೆ ಇರುತ್ತದೆ. 80ಕ್ಕಿಂತ ಕೆಳಗಿದ್ದರೆ ಕಣಗಳು ಸಣ್ಣದಾಗಿವೆ ಎಂದರ್ಥ. ಇದಕ್ಕೆ ನಮ್ಮ ಕಡೆ ಮುಖ್ಯವಾಗಿ ಎರಡು ಕಾರಣ. ಒಂದು, ದೇಹದಲ್ಲಿ ಕಬ್ಬಿಣ ಸಾಲದೆ ಇರುವುದು. ಇನ್ನೊಂದು, ಹುಟ್ಟಿನಿಂದಲೇ ಬರುವ, ಆದರೆ ಇರುವವರಿಗೆ ಸಾಮಾನ್ಯವಾಗಿ ತೊಂದರೆ ಕೊಡದ ಥಲಸೇಮಿಯಾ ಟ್ರೇಟ್. ಮೊದಲನೆಯದು ಬಹಳ ಜಾಸ್ತಿ, ಹಾಗಾಗಿ ಎಲ್ಲರೂ ಮೊದಲು ಅದನ್ನೇ ಊಹಿಸುತ್ತಾರೆ. ತೊಂದರೆ ಶುರುವಾಗುವುದೂ ಅಲ್ಲೇ. ಟ್ರೇಟ್ ಇರುವವರಿಗೆ ವರ್ಷಗಟ್ಟಲೆ ಸುಮ್ನೆ ಐರನ್ ಮಾತ್ರೆ ನುಂಗಿಸುತ್ತಾರೆ.

ಎರಡರಲ್ಲೂ ಕಣ ಸಣ್ಣದೇ ಆದರೆ, ಬೇರೆ ಬೇರೆ ಎಂದು ಗೊತ್ತಾಗುವುದು ಹೇಗೆ?

ಕಣಗಳ ಎಣಿಕೆ ನೋಡಿ. ಗುಟ್ಟೆಲ್ಲ ಅಲ್ಲಿದೆ.

ಇಡ್ಲಿ ಬೇಯಿಸುವುದನ್ನು ನೆನಪಿಸಿಕೊಳ್ಳಿ. ಹಿಟ್ಟೇ ಕಡಿಮೆ ಇದ್ದರೆ ಅಚ್ಚಿಗೆ ಸ್ವಲ್ಪ ಸ್ವಲ್ಪವೇ ಹೊಯ್ಯುತ್ತೀರಿ, ಒಟ್ಟು ಇಡ್ಲಿಯೂ ಕಮ್ಮಿಯಾಗುತ್ತದೆ. ಕಬ್ಬಿಣದ ಕೊರತೆ ಹೀಗೆ. ಮೂಳೆಮಜ್ಜೆಗೆ ಸಾಮಾನೇ ಸಾಲದು. ಹಾಗಾಗಿ ಕಣ ಸಣ್ಣ, ಎಣಿಕೆಯೂ ಕಡಿಮೆ.

ಟ್ರೇಟ್‌ನಲ್ಲಿ ಕಬ್ಬಿಣ ಸಾಕಷ್ಟು ಇರುತ್ತದೆ. ಆದರೆ ಹೀಮೋಗ್ಲೋಬಿನ್ ಕಟ್ಟಲು ಬೇಕಾದ ಆಲ್ಫಾ, ಬೀಟಾ ಎನ್ನುವ ಗ್ಲೋಬಿನ್ ಸರಪಳಿಗಳಲ್ಲಿ ಒಂದು ಬಗೆಯದು ಕಡಿಮೆ ತಯಾರಾಗುತ್ತದೆ. ಅಚ್ಚೇ ಚಿಕ್ಕದು ಎಂದುಕೊಳ್ಳಿ. ಹಿಟ್ಟು ಇದೆ, ಹೊಟ್ಟೆಯೂ ತುಂಬಬೇಕು. ಆಗ ಏನು ಮಾಡುತ್ತೀರಿ? ಚಿಕ್ಕ ಇಡ್ಲಿಯನ್ನೇ ಜಾಸ್ತಿ ಬೇಯಿಸುತ್ತೀರಿ. ಮಜ್ಜೆಯೂ ಅದನ್ನೇ ಮಾಡುತ್ತದೆ. ಕಣ ತುಂಬ ಸಣ್ಣ, ಆದರೆ ಎಣಿಕೆ ಮಾತ್ರ ಸಾಮಾನ್ಯರಿಗಿಂತ ಹೆಚ್ಚು.

ಹಾಗಾದರೆ ಲೆಕ್ಕ ಹೇಗೆ ಹಾಕುವುದು?

ಗಾತ್ರವನ್ನು ಎಣಿಕೆಯಿಂದ ಭಾಗಿಸಿ, ಅಷ್ಟೇ. ಇದನ್ನು 1973ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹೇಳಿದವರು ಮೆಂಟ್ಜರ್. ಅದಕ್ಕೇ ಮೆಂಟ್ಜರ್ ಇಂಡೆಕ್ಸ್ ಎನ್ನುತ್ತಾರೆ.

```
Mentzer = MCV ÷ RBC
```

ಉತ್ತರ 13ಕ್ಕಿಂತ ಕಡಿಮೆ ಬಂದರೆ ಟ್ರೇಟ್ ಕಡೆ ವಾಲುತ್ತದೆ, ಹೆಚ್ಚು ಬಂದರೆ ಕಬ್ಬಿಣದ ಕೊರತೆ ಕಡೆ. ವಾಲುತ್ತದೆ ಎಂದೆ, ಗಮನಿಸಿ. ತೀರ್ಪು ಕೊಡುವುದಿಲ್ಲ.

ಮೊದಲ ರಿಪೋರ್ಟ್ ನೋಡೋಣ. 25 ವರ್ಷದ ಹುಡುಗಿ, ಐಟಿ ಕೆಲಸ. ಎರಡು ವರ್ಷದಿಂದ ಬಿಟ್ಟು ಬಿಟ್ಟು ಐರನ್ ಮಾತ್ರೆ ತಗೊಂಡಿದ್ದಾಳೆ. ಹೀಮೋಗ್ಲೋಬಿನ್ 10.8, ಎಣಿಕೆ 5.6, ಎಂಸಿವಿ 61. ಅರವತ್ತೊಂದನ್ನು 5.6ರಿಂದ ಭಾಗಿಸಿದರೆ 10.9. ಹೆಂಗಸರಲ್ಲಿ ಎಣಿಕೆ 5ರ ಮೇಲೆ ಹೋಗುವುದೇ ಅಪರೂಪ. ರಕ್ತ ಕಮ್ಮಿ ಇರುವವಳಿಗೆ 5.6 ಎಂದರೆ ಭಾಗಾಕಾರ ಮಾಡುವ ಮೊದಲೇ ಹುಬ್ಬು ಮೇಲೇರುತ್ತದೆ.

ಎರಡನೆಯದು 38 ವರ್ಷದ ಗೃಹಿಣಿ. ಮುಟ್ಟಿನಲ್ಲಿ ತುಂಬಾ ಹೋಗುತ್ತದೆ. ಹೀಮೋಗ್ಲೋಬಿನ್ 8.6, ಎಣಿಕೆ 4.1, ಎಂಸಿವಿ 70. ಭಾಗಿಸಿದರೆ 17.1. ಇದು ಕಬ್ಬಿಣದ ಕೊರತೆಯ ಮಾಮೂಲಿ ಮುಖ. ಇನ್ನೊಂದು ವಿಷಯ ನೋಡಿ. ಇವರ ಹೀಮೋಗ್ಲೋಬಿನ್ ಹುಡುಗಿಗಿಂತ ಎಷ್ಟೋ ಕಡಿಮೆ, ಆದರೂ ಕಣ ಅವಳದಕ್ಕಿಂತ ದೊಡ್ಡದು. ಕಬ್ಬಿಣದ ಕೊರತೆಯಲ್ಲಿ ಗಾತ್ರವೂ ಹೀಮೋಗ್ಲೋಬಿನ್ನೂ ಜೊತೆಜೊತೆಯಾಗಿ ಇಳಿಯುತ್ತವೆ. ಟ್ರೇಟ್‌ನಲ್ಲಿ ಹೀಮೋಗ್ಲೋಬಿನ್ ಅಷ್ಟೇನೂ ಇಳಿದಿರುವುದಿಲ್ಲ, ಕಣ ಮಾತ್ರ ಪಾತಾಳ ಸೇರಿರುತ್ತದೆ.

ನನ್ನ ರಿಪೋರ್ಟ್‌ನಲ್ಲಿ ಆರ್‌ಬಿಸಿ 56,00,000 ಎಂದಿದೆ. ಭಾಗಿಸಿದರೆ ಏನೂ ಉಳಿಯುವುದಿಲ್ಲವಲ್ಲ?

ಎಣಿಕೆಯನ್ನು ಮಿಲಿಯನ್ ಲೆಕ್ಕದಲ್ಲಿ ಹಾಕಬೇಕು. ಒಂದು ಮಿಲಿಯನ್ ಅಂದರೆ 10 ಲಕ್ಷ. ಆದ್ದರಿಂದ 56 ಲಕ್ಷ ಎಂದರೆ 5.6. ಕೆಲವು ಲ್ಯಾಬ್‌ಗಳು ಇನ್ನೂ ಪೂರ್ತಿ ಸಂಖ್ಯೆ ಬರೆಯುತ್ತವೆ.

ಆರ್‌ಡಿಡಬ್ಲ್ಯೂ ನೋಡಿದರೆ ಸಾಕು ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂದು ಅದು ಹೇಳುತ್ತದೆ. ಟ್ರೇಟ್‌ನಲ್ಲಿ ಎಲ್ಲ ಕಣಗಳೂ ಒಂದೇ ಸಮ ಸಣ್ಣ, ಹಾಗಾಗಿ ಆರ್‌ಡಿಡಬ್ಲ್ಯೂ ಸುಮಾರಾಗಿ ಸಾಮಾನ್ಯವೇ ಇರುತ್ತದೆ. ಕಬ್ಬಿಣದ ಕೊರತೆಯಲ್ಲಿ ಹಳೆಯ ದೊಡ್ಡ ಕಣ, ಹೊಸ ಸಣ್ಣ ಕಣ ಬೆರೆತು ಏರುತ್ತದೆ. ನಮ್ಮ ಹುಡುಗಿಗೆ 15.2, ಗೃಹಿಣಿಗೆ 19.5. ಆದರೆ ಟ್ರೇಟ್ ಇರುವ ಎಷ್ಟೋ ಜನರಿಗೆ ಹೀಗೆ 15, 16 ಎಂದು ಸಾಮಾನ್ಯಕ್ಕಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ಬರೀ ಅದೊಂದನ್ನೇ ನಂಬಿದರೆ ಕೈಕೊಡುತ್ತದೆ.

ಅದನ್ನು ಮೆಂಟ್ಜರ್ ಜೊತೆ ಸೇರಿಸಿದರೆ ಇನ್ನೊಂದು ಲೆಕ್ಕ ಸಿಗುತ್ತದೆ.

```
RDWI = MCV × RDW ÷ RBC
```

ಇಲ್ಲಿ ಗಡಿ 220. ಹುಡುಗಿಯದು 166, ಗೃಹಿಣಿಯದು 333. ಇಂಥ ಸೂತ್ರಗಳು ಇನ್ನೂ ಹತ್ತಾರಿವೆ. ಗ್ರೀನ್ ಮತ್ತು ಕಿಂಗ್, ಇಂಗ್ಲೆಂಡ್ ಮತ್ತು ಫ್ರೇಸರ್, ಶೈನ್ ಮತ್ತು ಲಾಲ್, ಹೀಗೆ. ಎಲ್ಲವೂ ಅದೇ ನಾಲ್ಕೈದು ಅಂಕಿಗಳನ್ನು ಬೇರೆ ಬೇರೆ ಥರ ಕಲಸಿದವು. ನಾನು ಮೆಂಟ್ಜರ್ ಒಂದನ್ನೇ ಬಾಯಿಲೆಕ್ಕದಲ್ಲಿ ಹಾಕಿ ನೋಡುತ್ತೇನೆ. ಅನುಮಾನ ಬಂದರೆ ಇನ್ನೊಂದು ಸೂತ್ರದ ಬದಲು ಇನ್ನೊಂದು ಟೆಸ್ಟ್‌ಗೆ ಹೋಗುವುದೇ ಮೇಲು.

ಸೂತ್ರ ಮೋಸ ಮಾಡುವುದು ಯಾವಾಗ?

ಎರಡೂ ಒಟ್ಟಿಗೆ ಇದ್ದಾಗ. ಈ ಪುಟವನ್ನು ಬರೆಯಲು ಕೂತಿದ್ದೇ ಇದಕ್ಕಾಗಿ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಟ್ರೇಟ್ ಇರುವವರಿಗೆ ಕಬ್ಬಿಣದ ಕೊರತೆ ಬರುವುದಿಲ್ಲ ಎಂದು ಎಲ್ಲೂ ಬರೆದಿಲ್ಲ. ಅವರಿಗೂ ಮುಟ್ಟು ಬರುತ್ತದೆ, ಹೆರಿಗೆ ಆಗುತ್ತದೆ, ಊಟದ ಹಿಂದೆಯೇ ಕಾಫಿ ಕುಡಿಯುತ್ತಾರೆ. ಕಬ್ಬಿಣ ಕಡಿಮೆಯಾದಾಗ ಮಜ್ಜೆಗೆ ಆ ಹೆಚ್ಚಿನ ಸಣ್ಣ ಕಣಗಳನ್ನು ತಯಾರಿಸಲು ಆಗುವುದಿಲ್ಲ. ಎಣಿಕೆ ಇಳಿಯುತ್ತದೆ. ಭಾಗಿಸುವ ಸಂಖ್ಯೆ ಚಿಕ್ಕದಾದರೆ ಉತ್ತರ ದೊಡ್ಡದಾಗುತ್ತದೆ ಅಲ್ವಾ? ಮೆಂಟ್ಜರ್ 13 ದಾಟುತ್ತದೆ, ಟ್ರೇಟ್ ಮರೆಯಾಗಿ ಹೋಗುತ್ತದೆ.

ಇದೀಗ ಮೂರನೆಯ ರಿಪೋರ್ಟ್. 29 ವರ್ಷದ ಹೆಂಗಸು, ಎರಡು ವರ್ಷದ ಮಗುವಿದೆ, ಎರಡನೆಯದಕ್ಕೆ ಯೋಚನೆ ಮಾಡುತ್ತಿದ್ದಾರೆ. ಹೀಮೋಗ್ಲೋಬಿನ್ 8.2, ಎಣಿಕೆ 4.5, ಎಂಸಿವಿ 60, ಆರ್‌ಡಿಡಬ್ಲ್ಯೂ 20. ಮೆಂಟ್ಜರ್ 13.3. ಇನ್ನೊಂದು ಸೂತ್ರ ಹಾಕಿದರೆ 267. ಎರಡೂ ಕಬ್ಬಿಣದ ಕೊರತೆ ಎಂದೇ ಹೇಳುತ್ತವೆ. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಹೇಳುವ ಫೆರಿಟಿನ್ ಟೆಸ್ಟ್ ಮಾಡಿಸಿದರೆ 6. ಕಬ್ಬಿಣ ಖಾಲಿ ಎನ್ನುವುದರಲ್ಲಿ ಅನುಮಾನವೇ ಇಲ್ಲ. ಎಲ್ಲ ಒಂದಕ್ಕೊಂದು ತಾಳೆಯಾಯಿತು, ಫೈಲ್ ಮುಚ್ಚಿ ಎನಿಸುತ್ತದೆ.

ಇಂಥದ್ದೇ ಒಂದು ಫೈಲನ್ನು ನಾನೂ ಒಮ್ಮೆ ಮುಚ್ಚಿದ್ದೆ. ಕೆಲಸಕ್ಕೆ ಸೇರಿದ ಹೊಸತು. ಮೆಂಟ್ಜರ್ 13ರ ಮೇಲಿದೆ, ಫೆರಿಟಿನ್ ಕಡಿಮೆ, ಕಬ್ಬಿಣದ ಕೊರತೆ ಎಂದು ಸಹಿ ಹಾಕಿ ಕಳಿಸಿದೆ. ಬರೆದದ್ದು ತಪ್ಪಲ್ಲ. ಆದರೆ ಅದು ಅರ್ಧ ಉತ್ತರ. ಉಳಿದ ಅರ್ಧ ಗೊತ್ತಾಗಿದ್ದು ಅವರು ಮುಂದಿನ ಸಲ ಗರ್ಭಿಣಿಯಾಗಿ ಬಂದಾಗ.

ಅಂಥ ರಿಪೋರ್ಟ್‌ನಲ್ಲಿ ಸುಳಿವು ಎಲ್ಲಿರುತ್ತದೆ?

ಮೂರು ಕಡೆ. ಮೊದಲನೆಯದು ಎಣಿಕೆ. ಬರೀ ಕಬ್ಬಿಣದ ಕೊರತೆಯಿಂದ ಹೀಮೋಗ್ಲೋಬಿನ್ 8ಕ್ಕೆ ಇಳಿದವರಲ್ಲಿ ಎಣಿಕೆ ಸಾಮಾನ್ಯವಾಗಿ 4ರ ಆಸುಪಾಸಿನಲ್ಲಿ ಇರುತ್ತದೆ. ಇಲ್ಲಿ 4.5 ಇದೆ. ನೋಡಲು ಸಾಮಾನ್ಯ ಅಂಕಿ, ರಿಪೋರ್ಟ್‌ನಲ್ಲಿ ದಪ್ಪಕ್ಷರದಲ್ಲಿ ಬರುವುದಿಲ್ಲ. ಆದರೆ ಇಷ್ಟು ರಕ್ತ ಕಮ್ಮಿ ಇರುವವರಿಗೆ ಅದು ಜಾಸ್ತಿಯೇ. ಎರಡನೆಯದು ಎಂಸಿವಿ. ಹೀಮೋಗ್ಲೋಬಿನ್ 8 ಇರುವಾಗಲೇ ಕಣ 60ಕ್ಕೆ ಇಳಿದಿದೆ ಎಂದರೆ ಬೇರೆ ಏನೋ ಇರಬಹುದು.

ಮೂರನೆಯದು ಎಲ್ಲಕ್ಕಿಂತ ಗಟ್ಟಿ, ಅದಕ್ಕೆ ದುಡ್ಡೂ ಖರ್ಚಿಲ್ಲ: ಹಳೆಯ ರಿಪೋರ್ಟ್. ಅವರನ್ನು ಮನೆಯಲ್ಲಿ ಹುಡುಕಿ ತರಲು ಹೇಳಿದರೆ ಕೆಲಸಕ್ಕೆ ಸೇರುವಾಗ ಮಾಡಿಸಿದ ಮೆಡಿಕಲ್ ಸಿಗುತ್ತದೆ. ಆರು ವರ್ಷದ ಹಿಂದಿನದು. ಹೀಮೋಗ್ಲೋಬಿನ್ 11.2, ಎಂಸಿವಿ 63. ಆಗ ರಕ್ತ ಅಷ್ಟೇನೂ ಕಮ್ಮಿ ಇರಲಿಲ್ಲ, ಆದರೆ ಕಣ ಆಗಲೂ ಸಣ್ಣದೇ. ಕಬ್ಬಿಣದ ಕೊರತೆ ಬರುತ್ತದೆ, ಹೋಗುತ್ತದೆ. ಟ್ರೇಟ್ ಹುಟ್ಟಿದಾಗಿನಿಂದ ಇದ್ದಲ್ಲೇ ಇರುತ್ತದೆ. ಯಾವತ್ತೋ ಒಂದು ಸಲ ಎಂಸಿವಿ 85 ಎಂದು ಬಂದಿದ್ದರೆ, ಮಾಮೂಲಿ ಬೀಟಾ ಟ್ರೇಟ್ ಇರುವ ಸಾಧ್ಯತೆ ತುಂಬ ಕಡಿಮೆಯಾಗುತ್ತದೆ.

ಖಚಿತ ಮಾಡುವ ಟೆಸ್ಟ್ ಯಾವುದು?

ಎಚ್‌ಪಿಎಲ್‌ಸಿ. ರಕ್ತದಲ್ಲಿ ಯಾವ ಯಾವ ಹೀಮೋಗ್ಲೋಬಿನ್ ಎಷ್ಟೆಷ್ಟಿದೆ ಎಂದು ಬಿಡಿಸಿ ತೋರಿಸುವ ಯಂತ್ರ. ನಮಗೆ ಬೇಕಿರುವುದು ಅದರಲ್ಲಿ ಎ2 ಎನ್ನುವ ಹೀಮೋಗ್ಲೋಬಿನ್. ಸಾಮಾನ್ಯರಲ್ಲಿ ಅದು ಶೇಕಡ 2ರಿಂದ 3ರ ಸುತ್ತಮುತ್ತ. 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೀಟಾ ಥಲಸೇಮಿಯಾ ಟ್ರೇಟ್. ನಮ್ಮ ಐಟಿ ಹುಡುಗಿಗೆ 5.2 ಬಂತು. ಫೆರಿಟಿನ್ 64. ಅಲ್ಲಿಗೆ ಅವಳ ಕಥೆ ಸ್ಪಷ್ಟ: ಟ್ರೇಟ್ ಇದೆ, ಕಬ್ಬಿಣದ ಕೊರತೆ ಇಲ್ಲ.

ಮೂರನೆಯವರಿಗೆ 3.6 ಬಂತು. ಅಡಕತ್ತರಿಯ ಅಂಕಿ. ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಕಬ್ಬಿಣ ತುಂಬ ಕಡಿಮೆ ಇದ್ದರೆ ಎ2 ಸ್ವಲ್ಪ ಕೆಳಗೆ ಬರುತ್ತದೆ. ಅಂದರೆ ಕಬ್ಬಿಣದ ಕೊರತೆ ಮೆಂಟ್ಜರ್ ಸೂತ್ರವನ್ನೂ ಕೆಡಿಸಿತು, ಖಚಿತ ಮಾಡುವ ಟೆಸ್ಟನ್ನೂ ಮಂಕು ಮಾಡಿತು.

ಆಗ ದಾರಿ ಒಂದೇ. ಮೊದಲು ಕಬ್ಬಿಣ ತುಂಬಿಸಿ, ಆಮೇಲೆ ಮತ್ತೆ ಅಳೆಯಿರಿ. ಡಾಕ್ಟರ್ ಮಾತ್ರೆ ಕೊಟ್ಟರು. ಒಂದು ತಿಂಗಳಿಗೆ ಹೀಮೋಗ್ಲೋಬಿನ್ 9.5. ಅಂದರೆ ಮಾತ್ರೆ ಹಿಡಿದಿದೆ, ಕೊರತೆ ಇದ್ದದ್ದು ನಿಜ. ನಾಲ್ಕು ತಿಂಗಳಿಗೆ 10.9ಕ್ಕೆ ಬಂದು ಅಲ್ಲೇ ನಿಂತಿತು. ಫೆರಿಟಿನ್ 38. ಎಣಿಕೆ 5.5, ಎಂಸಿವಿ 62. ಈಗ ಭಾಗಿಸಿ ನೋಡಿ: 11.3. ಮರೆಯಲ್ಲಿದ್ದದ್ದು ಹೊರಗೆ ಬಂತು. ಎ2 ಮತ್ತೆ ಮಾಡಿಸಿದರೆ 4.5.

ಇಲ್ಲಿ ಗಮನಿಸಬೇಕಾದ್ದು ಎಂಸಿವಿ. ಹೀಮೋಗ್ಲೋಬಿನ್ 8.2ರಿಂದ 10.9ಕ್ಕೆ ಏರಿದರೂ ಕಣ 60ರಿಂದ 62ಕ್ಕೆ ಬಂದಿದೆ, ಅಷ್ಟೇ. ಬರೀ ಕಬ್ಬಿಣದ ಕೊರತೆ ಆಗಿದ್ದರೆ ಇಷ್ಟು ಹೊತ್ತಿಗೆ 80ರ ಹತ್ತಿರ ಇರಬೇಕಿತ್ತು. ಮಾತ್ರೆ ಸರಿಯಾಗಿ ತಗೊಂಡು, ಫೆರಿಟಿನ್ ತುಂಬಿದ ಮೇಲೂ ಕಣ ಬೆಳೆಯದಿದ್ದರೆ ಎಚ್‌ಪಿಎಲ್‌ಸಿ ಮಾಡಿಸಲೇಬೇಕು.

ಎರಡನೆಯ ಮಗುವಿಗೆ ಆಗಲೇ ಬಸುರಿಯಾಗಿದ್ದರೆ ಇಷ್ಟು ಕಾಯುವ ಹಾಗಿಲ್ಲ. ಅಂಥವರಲ್ಲಿ 3.6 ಬಂದ ದಿನವೇ ಗಂಡನ ರಕ್ತ ಪರೀಕ್ಷೆ ಮಾಡಿಸುತ್ತೇವೆ.

ನನಗೆ ಬಿ12 ಕೂಡ ಕಡಿಮೆ ಇದೆ. ಅದರಿಂದ ಲೆಕ್ಕ ತಪ್ಪುತ್ತದೆಯೇ?

ತಪ್ಪುತ್ತದೆ. ಬಿ12 ಕೊರತೆ ಕಣವನ್ನು ದೊಡ್ಡದು ಮಾಡುತ್ತದೆ, ಎಣಿಕೆಯನ್ನು ಇಳಿಸುತ್ತದೆ. ಎರಡೂ ಮೆಂಟ್ಜರನ್ನು ಮೇಲಕ್ಕೆ ತಳ್ಳುತ್ತವೆ. ಶುದ್ಧ ಸಸ್ಯಾಹಾರಿಗಳಲ್ಲಿ ಇದನ್ನು ಮರೆಯಬಾರದು. ಇನ್ನೂ ಒಂದು ಗೋಜಲಿದೆ. ಬಿ12 ತೀರಾ ಕಡಿಮೆ ಇದ್ದರೆ ಎ2 ಸ್ವಲ್ಪ ಏರಿ, ಟ್ರೇಟ್ ಇಲ್ಲದವರಿಗೂ ಇದೆ ಎಂದು ಕಾಣಿಸಬಹುದು. ಆಗಲೂ ಅಷ್ಟೇ, ಬಿ12 ಸರಿ ಮಾಡಿಕೊಂಡು ಮತ್ತೆ ಮಾಡಿಸಬೇಕು.

ಮನೆಗೆ ಬಂದು ರಕ್ತ ತಗೊಂಡು ಹೋದರು. ಅದರಿಂದ ಏನಾದರೂ ವ್ಯತ್ಯಾಸ ಆಗುತ್ತದೆಯೇ?

ಅದೇ ದಿನ ಯಂತ್ರಕ್ಕೆ ಹಾಕಿದರೆ ಇಲ್ಲ. ಟ್ಯೂಬ್ ಒಂದು ದಿನಕ್ಕಿಂತ ಜಾಸ್ತಿ ಹೊರಗೇ ಕೂತರೆ ಕಣಗಳು ನೀರು ಹೀರಿ ಊದುತ್ತವೆ. ಎಂಸಿವಿ, ಆರ್‌ಡಿಡಬ್ಲ್ಯೂ ಎರಡೂ ಸುಳ್ಳಾಗಿ ಏರುತ್ತವೆ. ಮೆಂಟ್ಜರ್ 12.5 ಇದ್ದವರಿಗೆ 13.5 ಬರಬಹುದು. ದೂರದ ಕ್ಯಾಂಪ್‌ನಿಂದ ಬಂದ ಸ್ಯಾಂಪಲ್ ಆದರೆ ನಾನು ಮೊದಲು ತೆಗೆದ ಹೊತ್ತು ನೋಡುತ್ತೇನೆ, ಆಮೇಲೆ ಅಂಕಿ.

ಫೆರಿಟಿನ್ ಚೆನ್ನಾಗಿದೆ, ಎ2 ಕೂಡ ಸರಿಯಾಗಿದೆ. ಆದರೂ ಎಂಸಿವಿ 72. ಈಗೇನು?

ಮೊದಲು ಫೆರಿಟಿನ್ ನಿಜ ಹೇಳುತ್ತಿದೆಯೇ ನೋಡಿ. ಜ್ವರ, ಸೋಂಕು, ಸಂಧಿವಾತ ಇದ್ದಾಗ ಕಬ್ಬಿಣ ಕಡಿಮೆಯಿದ್ದರೂ ಫೆರಿಟಿನ್ ಏರಿರುತ್ತದೆ. ಜೊತೆಗೆ ದೇಹದಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಸಿಆರ್‌ಪಿ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದೆ.

ಅದೂ ಸರಿಯಿದ್ದರೆ ಆಲ್ಫಾ ಥಲಸೇಮಿಯಾ ಟ್ರೇಟ್ ಇರಬಹುದು. ಅದರಲ್ಲಿ ಎ2 ಏರುವುದಿಲ್ಲ, ಎಚ್‌ಪಿಎಲ್‌ಸಿ ಸಾಮಾನ್ಯ ಎಂದೇ ಬರುತ್ತದೆ. ಖಚಿತವಾಗಬೇಕಾದರೆ ಡಿಎನ್‌ಎ ಪರೀಕ್ಷೆಯೇ ಬೇಕು. ಮೆಂಟ್ಜರ್ ಬೀಟಾ, ಆಲ್ಫಾ ಎಂದು ಭೇದ ಮಾಡುವುದಿಲ್ಲ.

ಬೆಂಗಳೂರಿನಲ್ಲಿ ಇನ್ನೊಂದನ್ನೂ ನೋಡುತ್ತೇವೆ. ಅಸ್ಸಾಂ, ಬಂಗಾಳ ಕಡೆಯಿಂದ ಕೆಲಸಕ್ಕೆ ಬಂದವರಲ್ಲಿ ಹೀಮೋಗ್ಲೋಬಿನ್ ಇ ಎನ್ನುವ, ಹುಟ್ಟಿನಿಂದ ಬರುವ ಬೇರೆ ಬಗೆಯ ಹೀಮೋಗ್ಲೋಬಿನ್ ಸಾಮಾನ್ಯ. ಅವರ ಕಣವೂ ಸ್ವಲ್ಪ ಸಣ್ಣದು. ಎಚ್‌ಪಿಎಲ್‌ಸಿಯಲ್ಲಿ ಇ ಮತ್ತು ಎ2 ಒಂದೇ ಜಾಗಕ್ಕೆ ಬೀಳುವುದರಿಂದ ಎ2 ಶೇಕಡ 25, 30 ಎಂದು ಬರುತ್ತದೆ. ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಬಸುರಿಯಲ್ಲಿ ಈ ಸೂತ್ರ ನಡೆಯುತ್ತದೆಯೇ?

ನಂಬುವ ಹಾಗಿಲ್ಲ. ಬಸುರಿಯಲ್ಲಿ ರಕ್ತದ ನೀರಿನ ಭಾಗ ಹೆಚ್ಚಾಗಿ ಎಣಿಕೆ ತೆಳುವಾಗುತ್ತದೆ, ಕಬ್ಬಿಣವೂ ಮಗುವಿಗೆ ಹೋಗುತ್ತದೆ. ಮೆಂಟ್ಜರ್ ತಾನಾಗಿ ಮೇಲೇರುತ್ತದೆ. ಮೊದಲ ತಪಾಸಣೆಯಲ್ಲೇ ಎಂಸಿವಿ ಕಡಿಮೆ ಕಂಡರೆ ಲೆಕ್ಕ ಹಾಕುತ್ತ ಕೂರದೆ ನೇರವಾಗಿ ಎಚ್‌ಪಿಎಲ್‌ಸಿ ಮಾಡಿಸಿ. ಚಿಕ್ಕ ಮಕ್ಕಳಲ್ಲೂ 13ರ ಗಡಿ ಸರಿಯಾಗಿ ಕೂರುವುದಿಲ್ಲ, ಅವರ ಕಣ ಹೇಗೂ ದೊಡ್ಡವರದಕ್ಕಿಂತ ಸಣ್ಣದು.

ಈಚೆಗೆ ರಕ್ತ ಹಾಕಿಸಿಕೊಂಡಿದ್ದೇನೆ. ಟೆಸ್ಟ್ ಮಾಡಿಸಬಹುದೇ?

ಸುಮಾರು ಮೂರು ತಿಂಗಳು ಬಿಡಿ. ಈಗ ಮಾಡಿಸಿದರೆ ಕೊಟ್ಟವರ ರಕ್ತವೂ ಸೇರಿ ಉತ್ತರ ಬರುತ್ತದೆ.

ಟ್ರೇಟ್ ಇದೆ ಎಂದ ಮೇಲೆ ಐರನ್ ಮಾತ್ರೆ ಪೂರ್ತಿ ನಿಲ್ಲಿಸಬೇಕಾ?

ಫೆರಿಟಿನ್ ನೋಡಿ ತೀರ್ಮಾನ. ಕಡಿಮೆ ಇದ್ದರೆ ಎಲ್ಲರ ಹಾಗೆ ತಗೊಳ್ಳಬೇಕು, ಸರಿಯಾಗಿದ್ದರೆ ಬೇಡ. ಹೀಮೋಗ್ಲೋಬಿನ್ 10.8 ಇದೆ, 12 ಮಾಡಬೇಕು ಎಂದು ಹಟ ಹಿಡಿದು ನುಂಗುವುದರಿಂದ ಮಲಬದ್ಧತೆ ಬಿಟ್ಟು ಬೇರೆ ಲಾಭವಿಲ್ಲ. ಟ್ರೇಟ್ ಇರುವವರಿಗೆ 10, 11 ಎನ್ನುವುದೇ ಅವರ ಸಾಮಾನ್ಯ ಮಟ್ಟ ಆಗಿರಬಹುದು. ಬಸುರಿಯಲ್ಲಿ ಸರ್ಕಾರದಿಂದ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆಯನ್ನು ಟ್ರೇಟ್ ಇದೆ ಎಂದು ನೀವಾಗಿ ಬಿಡಬೇಡಿ, ಡಾಕ್ಟರನ್ನು ಕೇಳಿ.

ಟ್ರೇಟ್‌ನಿಂದ ನನಗೆ ತೊಂದರೆ ಇಲ್ಲ ಎಂದ ಮೇಲೆ ಗೊತ್ತಾಗಿ ಏನು ಪ್ರಯೋಜನ?

ಗಂಡ ಹೆಂಡತಿ ಇಬ್ಬರಿಗೂ ಬೀಟಾ ಟ್ರೇಟ್ ಇದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಥಲಸೇಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಲೇ ಇರಬೇಕಾಗುತ್ತದೆ. ಒಬ್ಬರಿಗೆ ಮಾತ್ರ ಇದ್ದರೆ ಮೇಜರ್ ಬರುವುದಿಲ್ಲ, ಮಗುವಿಗೂ ಟ್ರೇಟ್ ಬರುವ ಸಾಧ್ಯತೆ ಅರ್ಧಕ್ಕರ್ಧ.

ಮೂರನೆಯ ರಿಪೋರ್ಟ್‌ನವರ ಗಂಡ ಮೊದಲು ಬರಲು ಒಪ್ಪಲಿಲ್ಲ. ನನಗೆ ರಕ್ತ ಚೆನ್ನಾಗಿದೆ ಮೇಡಂ, ಹೀಮೋಗ್ಲೋಬಿನ್ 14 ಇದೆ ಎಂದರು. ಟ್ರೇಟ್ ಇರುವ ಗಂಡಸರಿಗೆ 13, 14 ಬರುವುದು ಉಂಟು, ಹಾಗಾಗಿ ಹೀಮೋಗ್ಲೋಬಿನ್ ಬಿಟ್ಟು ಎಂಸಿವಿ ಹೇಳಿ ಎಂದೆ. ಫೋನ್‌ನಲ್ಲಿದ್ದ ರಿಪೋರ್ಟ್ ತೆಗೆದು ಓದಿದರು: 88. ಆದರೂ ಎಚ್‌ಪಿಎಲ್‌ಸಿ ಮಾಡಿಸಿದೆವು. ಎ2 2.7 ಬಂತು. ಈಗ ಅವರ ಎರಡು ವರ್ಷದ ಮಗಳ ಸಿಬಿಸಿ ಬಾಕಿ ಇದೆ. ಅದಕ್ಕೆ ಅವಸರವಿಲ್ಲ, ಮುಂದೆ ಯಾವುದಾದರೂ ಜ್ವರಕ್ಕೆ ರಕ್ತ ತೆಗೆದಾಗ ನೋಡಿದರೆ ಸಾಕು ಎಂದಿದ್ದೇನೆ.